ಅದೇ ಕಾವೇರಿಗೆ ಎರಡು ಸಲ ಇಳಿಯೋಕಾಗಲ್ವಾ?

ಮೊನ್ನೆ ಭಾನುವಾರ ಪಾಂಡವಪುರದಿಂದ ಚಿಕ್ಕಪ್ಪನ ಮಗಳು ಮೈಸೂರಿನ ನಮ್ಮ ಮನೆಗೆ ಬಂದಿದ್ದಳು. ಐಎಎಸ್ ಮೇನ್ಸ್‌ಗೆ ಓದುತ್ತಿದ್ದಾಳೆ. ಉಳಿದ ಪೇಪರ್‌ಗಳಿಗೆ ಹೆದರುವವಳಲ್ಲ, ಪ್ರಬಂಧ ಅಂದರೆ ಮಾತ್ರ ಮುಖ ಸಣ್ಣದಾಗುತ್ತದೆ. ಮೂರು ಗಂಟೆಯಲ್ಲಿ ಎರಡು ಪ್ರಬಂಧ, ಒಂದೊಂದೂ ಸಾವಿರ ಪದ ದಾಟಬೇಕು, ಒಂದೊಂದಕ್ಕೂ 125 ಅಂಕ. ವಿಷಯಗಳೋ, ಯಾವ ಗೈಡ್‌ನಲ್ಲೂ ಸಿಗದಂಥವು.

ಅವಳು ತಂದಿದ್ದ 2022ರ ಪ್ರಶ್ನೆಪತ್ರಿಕೆಯಲ್ಲಿ ಒಂದು ಹೀಗಿತ್ತು: ಒಂದೇ ನದಿಗೆ ಎರಡು ಸಲ ಇಳಿಯಲಾಗದು. ಗ್ರೀಕ್ ತತ್ವಜ್ಞಾನಿ ಹೆರಾಕ್ಲಿಟಸ್‌ನ ಹೆಸರಲ್ಲಿ ಓಡಾಡುವ ಮಾತು. "ಅಣ್ಣ, ಬದಲಾವಣೆ ಜಗದ ನಿಯಮ ಅಂತ ಒಂದು ಸಾಲು ಬರುತ್ತೆ. ಆಮೇಲೆ?" ಅಂದಳು.

ಹತ್ತು ನಿಮಿಷ ಅಂತ ಗಡಿಯಾರ ಇಟ್ಟೆ. ತೊಂಬತ್ತು ನಿಮಿಷದ ಪ್ರಬಂಧಕ್ಕೆ ಯೋಚನೆಗೆಂದು ಅಷ್ಟು ತೆಗೆದಿಟ್ಟರೆ ನಷ್ಟವಿಲ್ಲ. ಹಾಳೆಯ ಮೇಲೆ ಮೂರೇ ಮಾತು ಬರೆಸಿದೆ: ನಾನು, ನಾವು, ನಾಳೆ. ಅಂದರೆ ವ್ಯಕ್ತಿ, ಸಮಾಜ, ಭವಿಷ್ಯ. ಆದರೆ ಅವುಗಳಿಗೆ ಕೈಹಾಕುವ ಮುಂಚೆ ವಿಷಯವನ್ನೇ ಒಂದು ಪ್ರಶ್ನೆ ಮಾಡಿಕೊಳ್ಳಬೇಕು. ಇದನ್ನು ಬಿಟ್ಟವರು ಮೂರು ಬೇರೆ ಬೇರೆ ಪ್ರಬಂಧ ಬರೆದು ಬರುತ್ತಾರೆ. ನಾವು ಇಟ್ಟುಕೊಂಡ ಪ್ರಶ್ನೆ: ಬದಲಾಗಿದ್ದು ನೀರಾ, ಇಳಿದವನಾ?

'ನಾನು' ಕೆಳಗೆ ಅವಳು ತಕ್ಷಣ ಬರೆದದ್ದು ಬಾಲ್ಯ, ನೆನಪು, ವಯಸ್ಸು. ಎಲ್ಲ ನಿಜ, ಎಲ್ಲ ಸಪ್ಪೆ. ಯಾರು ಬೇಕಾದರೂ ಬರೆಯಬಹುದು, ಯಾವ ವಿಷಯಕ್ಕೆ ಬೇಕಾದರೂ ಅಂಟಿಸಬಹುದು. ಒಬ್ಬ ಮನುಷ್ಯನನ್ನು ತಗೋ ಅಂದೆ. ಬೆಂಗಳೂರಲ್ಲಿ ಕೆಲಸ ಮಾಡಿ ನಿವೃತ್ತನಾಗಿ ಶ್ರೀರಂಗಪಟ್ಟಣದ ಹತ್ತಿರದ ಊರಿಗೆ ವಾಪಸ್ ಬಂದವನು. ಹುಡುಗನಾಗಿದ್ದಾಗ ಈಜಿದ ಅದೇ ಮೆಟ್ಟಿಲು, ಅದೇ ಹೊಳೆ. ಈಗ ಇಳಿಯುವ ಮುಂಚೆ ಇವತ್ತು ಡ್ಯಾಮಿನಿಂದ ನೀರು ಬಿಟ್ಟಿದ್ದಾರಾ ಅಂತ ಕೇಳುತ್ತಾನೆ. ಅಲ್ಲಿಗೆ ಇಬ್ಬರೂ ಬದಲಾದರು, ಅವನೂ ಹೊಳೆಯೂ. ಪ್ರಶ್ನೆಗೆ ಉತ್ತರವೂ ಸಿಕ್ಕಿತು.

'ನಾವು' ಅಂದಾಗ ಅವಳಿಗೆ ಹೇಳಿಕೊಡಬೇಕಾಗಲಿಲ್ಲ, ಮಂಡ್ಯದವಳಲ್ವಾ. ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ, ರಾಗಿ ಬೆಳೆಯುತ್ತಿದ್ದ ಒಣಭೂಮಿಗೆ ಬಂದ ಭತ್ತ ಮತ್ತು ಕಬ್ಬು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ. ಒಂದು ನದಿಗೆ ಕಟ್ಟೆ ಹಾಕಿದ್ದಕ್ಕೆ ಒಂದು ಸೀಮೆಯ ಊಟ, ಸಾಲ, ಮದುವೆ ಮಾತುಕತೆ, ರಾಜಕೀಯ ಎಲ್ಲ ಬೇರೆಯಾಯಿತು. ಇಲ್ಲಿ ಅವಳ ಕೈ ನಿಲ್ಲಲೇ ಇಲ್ಲ. ನಾನೇ ತಡೆದೆ. ಇಷ್ಟನ್ನೇ ಬರೆದರೆ ಅದು ಮಂಡ್ಯದ ಇತಿಹಾಸವಾಗುತ್ತದೆ, ಪ್ರಬಂಧ ಆಗಲ್ಲ. ಪ್ರತಿ ಪ್ಯಾರಾದ ಕೊನೆಗೆ ಆ ಪ್ರಶ್ನೆಯನ್ನು ಮತ್ತೆ ಕೇಳಿಕೋ, ಉತ್ತರ ಬರದಿದ್ದರೆ ಆ ಪ್ಯಾರಾ ಹೊಡೆದುಹಾಕು ಅಂದೆ. ಅವಳೇ ಒಂದು ಸಾಲು ಸೇರಿಸಿದಳು: ನದಿಯನ್ನು ಬದಲಿಸಿದ ಜನರನ್ನು ನದಿ ತಿರುಗಿ ಬದಲಿಸಿತು.

'ನಾಳೆ' ಎಲ್ಲಕ್ಕಿಂತ ಜಾಸ್ತಿ ಕೆಡುವ ಜಾಗ. ಅಲ್ಲಿಗೆ ಬಂದ ಕೂಡಲೇ ಎಲ್ಲರೂ 'ನಾವು ಎಚ್ಚೆತ್ತುಕೊಳ್ಳಬೇಕು' ಅಂತ ಭಾಷಣ ಶುರು ಮಾಡುತ್ತಾರೆ. ಅದರ ಬದಲು ಇವತ್ತು ಮಾಡಿದ ಯಾವ ಏರ್ಪಾಡು ನಾಳೆ ಹೊಂದಲ್ಲ ಅಂತ ಕೇಳಿದರೆ ಹಿಡಿಯೋಕೆ ಏನಾದರೂ ಸಿಗುತ್ತದೆ. ನಮಗೆ ಸಿಕ್ಕಿದ್ದು ನೀರು ಹಂಚಿಕೆ. 1924ರಲ್ಲಿ ಮೈಸೂರು ಮತ್ತು ಮದ್ರಾಸ್ ಒಪ್ಪಂದ ಮಾಡಿಕೊಂಡವು. 2007ರಲ್ಲಿ ನ್ಯಾಯಮಂಡಳಿಯ ತೀರ್ಪು ಬಂತು. 2018ರಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿಗೆ ಬಿಡಬೇಕಾದ ನೀರನ್ನು 192ರಿಂದ 177.25 ಟಿಎಂಸಿಗೆ ಇಳಿಸಿತು, ಬೆಂಗಳೂರಿನ ಕುಡಿಯುವ ನೀರಿಗೆ ಹೆಚ್ಚುವರಿಯಾಗಿ 4.75 ಟಿಎಂಸಿ ಕೊಟ್ಟಿತು. ಒಂದೇ ನದಿ ಅಂದುಕೊಂಡು ಲೆಕ್ಕ ಹಾಕುತ್ತೇವೆ, ಲೆಕ್ಕ ಮುಗಿಯುವ ಹೊತ್ತಿಗೆ ಊರು ಬೆಳೆದಿರುತ್ತದೆ. ಮಳೆಯೂ ಹೇಳಿದ ಮಾತು ಕೇಳಲ್ಲ. 2023ರಲ್ಲಿ ಕೆಆರ್‌ಎಸ್ ತುಂಬಲೇ ಇಲ್ಲ, ಮರುವರ್ಷ ತುಂಬಿ ಹರಿಯಿತು.

ಗಡಿಯಾರ ನೋಡಿದರೆ ಇನ್ನೂ ಟೈಮಿತ್ತು. ಅದನ್ನು ಎದುರುವಾದಕ್ಕೆ ಬಳಸಿಕೊಂಡೆವು: ಎಲ್ಲ ಬದಲಾದರೆ ಅದನ್ನು ಇನ್ನೂ ಕಾವೇರಿ ಅಂತ ಯಾಕೆ ಕರೀತೀವಿ? ಹೆಸರು, ಪಾತ್ರ, ದಡದ ಜನ ಉಳಿದಿದ್ದಾರೆ ಅಂತಾನಾ? ನನ್ನ ಪ್ರಕಾರ ಈ ಒಂದು ಪ್ಯಾರಾ ಇಲ್ಲದಿದ್ದರೆ ಇಡೀ ಪ್ರಬಂಧ ವಿಷಯಕ್ಕೆ ಸುಮ್ನೆ ತಲೆಯಾಡಿಸಿದಂತೆ ಕಾಣುತ್ತದೆ.

ಕಾಫಿ ಕುಡಿಯುವಾಗ ಅವಳು ಅದೇ ಪತ್ರಿಕೆಯ ಇನ್ನೊಂದು ವಿಷಯ ತೋರಿಸಿದಳು: ಆರ್ಥಿಕ ಉತ್ಕೃಷ್ಟತೆಗೆ ಕಾಡುಗಳೇ ಅತ್ಯುತ್ತಮ ನಿದರ್ಶನ. "ಇದಕ್ಕೆ 'ನಾನು' ಎಲ್ಲಿಂದ ತರಲಿ?" ಅಂದಳು. ತರಬೇಡ ಅಂದೆ. ಇಲ್ಲಿ ಆ ಕಡೆಯಿಂದ ಹೊರಟರೆ ವನಮಹೋತ್ಸವದ ಭಾಷಣವೇ ಬರುತ್ತದೆ. ಕಾಡಲ್ಲಿ ಬಿದ್ದ ಎಲೆ ಗೊಬ್ಬರವಾಗುತ್ತದೆ, ಯಾವುದೂ ಕಸವಲ್ಲ; ನಮ್ಮ ಪೇಟೆ ಹಾಗಿದೆಯಾ ಅಂತ 'ನಾವು' ಕಡೆಯಿಂದಲೇ ಶುರು ಮಾಡು, 'ನಾನು' ಕೊನೆಗೆ ಬಂದರೆ ಬರಲಿ. ಅವಳು ಆಗಲೇ ಹಾಳೆ ಮಗುಚಿ 'ನಾವು' ಅನ್ನುವುದನ್ನು ಮೇಲೆ ಬರೆದಿದ್ದಳು.