ಪಾಕದ ಥರ್ಮಾಮೀಟರ್: 196ಕ್ಕೇ ನಿಂತುಬಿಟ್ಟ ಫಿಲ್ಟರ್

ಮಂಡ್ಯದ ಹತ್ತಿರ ದೊಡ್ಡಪ್ಪನ ಆಲೆಮನೆಗೆ ಮಾಡುತ್ತಿರುವ ಥರ್ಮಾಮೀಟರನ್ನು ಭಾನುವಾರ ಕುದಿಯುವ ನೀರಿನಲ್ಲಿ ಪರೀಕ್ಷಿಸಿದೆ. ಲೋಹದ ಕವಚದ ಎಲ್‌ಎಂ35 ಸೆನ್ಸರ್, ವೋಲ್ಟೇಜನ್ನು ಅಂಕಿಯಾಗಿಸುವ ಆರ್ಡುಯಿನೊ ನ್ಯಾನೊದ 10 ಬಿಟ್ ಎಡಿಸಿ, 5 ವೋಲ್ಟ್ ರೆಫರೆನ್ಸ್. ಎಡಿಸಿಯ ಒಂದು ಅಂಕಿಗೆ ಅರ್ಧ ಡಿಗ್ರಿಗಿಂತ ಚೂರು ಕಡಿಮೆ. ನಮ್ಮ ಎತ್ತರದಲ್ಲಿ ನೀರು 98 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ, ಅಂದರೆ 200 ಬರಬೇಕು. ಎಡಿಸಿ 197ರಿಂದ 203ರವರೆಗೆ ಕುಣಿಯುತ್ತಿತ್ತು, ಸರಾಸರಿ ಸರಿಯಾಗಿ 200. ಆದರೆ ಈ ಕುಣಿತ ತಗ್ಗಿಸಲು ಕೋಡ್‌ನಲ್ಲಿ ಬರೆದಿದ್ದ ಫಿಲ್ಟರ್ ದಾಟಿ ಬಂದದ್ದು 196. ಎಷ್ಟು ಹೊತ್ತು ಕಾದರೂ ಅಲ್ಲಿಂದ ಕದಲಲಿಲ್ಲ.

ಈ ಚಿಪ್ಪಿನಲ್ಲಿ ಫ್ಲೋಟ್ ಲೆಕ್ಕಕ್ಕೆ ಹಾರ್ಡ್‌ವೇರ್ ಇಲ್ಲ, ಹಾಗಾಗಿ ಫಿಲ್ಟರನ್ನು ಪೂರ್ಣಾಂಕದಲ್ಲೇ ಬರೆದಿದ್ದೆ. `x` ಎಂದರೆ ಎಡಿಸಿಯ ಹೊಸ ರೀಡಿಂಗ್, `y` ಎಂದರೆ ಫಿಲ್ಟರ್ ಕೊಡುವ ಅಂಕಿ:

```c
y += (x - y) / 8;
```

`y`ಯನ್ನು 0ಯಿಂದ ಶುರು ಮಾಡಿದರೆ 196ಕ್ಕೆ ನಿಲ್ಲುತ್ತದೆ. 1023ರಿಂದ ಶುರು ಮಾಡಿ ನೋಡಿದೆ, 204ಕ್ಕೆ ನಿಂತಿತು! ಅದೇ ನೀರು, ಅದೇ ಸೆನ್ಸರ್, ಸುಮಾರು 4 ಡಿಗ್ರಿ ಅಂತರ. ಆಗ ಗೊತ್ತಾಯಿತು, ತಪ್ಪು ಭಾಗಾಕಾರದಲ್ಲಿದೆ. `y` 196 ಇದ್ದಾಗ ಅತಿ ದೊಡ್ಡ ರೀಡಿಂಗ್ 203 ಬಂದರೂ ವ್ಯತ್ಯಾಸ 7 ಮಾತ್ರ, 7ನ್ನು 8ರಿಂದ ಭಾಗಿಸಿದರೆ ಸೊನ್ನೆ. ಪ್ರತಿ ಸಲವೂ ಶೇಷವನ್ನು ಎಸೆಯುತ್ತಿದ್ದೆ. ಅಚ್ಚಿಗೆ ಹುಯ್ಯುವ ಪಾಕವನ್ನು 118 ಡಿಗ್ರಿಯ ಹತ್ತಿರ ಇಳಿಸಬೇಕು. "ಎರಡು ಡಿಗ್ರಿ ಹೆಚ್ಚುಕಮ್ಮಿ ಆದ್ರೂ ಹದ ಕೆಡ್ತದೆ ಕಣಪ್ಪ" ಎಂದು ದೊಡ್ಡಪ್ಪ ಮೊದಲೇ ಹೇಳಿದ್ದರು.

ಪರಿಹಾರ: ಅಂಗಡಿಯ ಖಾತೆಯಲ್ಲಿ ಚಿಲ್ಲರೆ ಬಾಕಿ ಬರೆದಿಡುವಂತೆ ಶೇಷವನ್ನೂ ಇಟ್ಟುಕೊಳ್ಳುವುದು. `y`ಯ ಬದಲು ಅದರ ಎಂಟು ಪಟ್ಟನ್ನು `acc`ನಲ್ಲಿ ಉಳಿಸಿ, ತೋರಿಸುವಾಗ ಮಾತ್ರ ಭಾಗಿಸಬೇಕು. ಬಲಕ್ಕೆ 3 ಬಿಟ್ ಶಿಫ್ಟ್ ಮಾಡಿದರೆ 8ರಿಂದ ಭಾಗಿಸಿದಂತೆ.

```c
uint16_t acc;            // setup: acc = x << 3
acc = acc - (acc >> 3) + x;
y = acc >> 3;
```

ಈಗ ಮೇಲಿಂದ ಬಂದರೂ ಕೆಳಗಿಂದ ಬಂದರೂ `y` 200ರ ಸುತ್ತಲೇ ನಿಲ್ಲುತ್ತದೆ. ಕೊನೆಯ ಸಾಲಿನಲ್ಲಿ ಮಾತ್ರ `(acc + 4) >> 3` ಎಂದು ರೌಂಡ್ ಮಾಡಲು ಹೋಗಬೇಡಿ. ರೀಡಿಂಗ್ ಅಲುಗದೆ 200 ಇದ್ದಾಗ ಮೇಲಿಂದ ಇಳಿಯುವ `acc` 1607ಕ್ಕೆ ನಿಲ್ಲುತ್ತದೆ, ಅದಕ್ಕೆ 4 ಕೂಡಿಸಿದರೆ 201 ಆಗಿಬಿಡುತ್ತದೆ. ಇನ್ನೂ ನುಣುಪು ಬೇಕಿದ್ದರೆ 3ರ ಬದಲು 6ರವರೆಗೆ ಶಿಫ್ಟ್ ಮಾಡಬಹುದು, 1023ರ 64 ಪಟ್ಟು 65472, 16 ಬಿಟ್‌ನಲ್ಲಿ ಹಿಡಿಯುತ್ತದೆ. 7ಕ್ಕೆ 32 ಬಿಟ್ ಬೇಕು. ನನಗೆ 3 ಸಾಕು: ಸೆಕೆಂಡಿಗೆ 10 ರೀಡಿಂಗ್ ತೆಗೆದರೆ ಎರಡು ಸೆಕೆಂಡಿನೊಳಗೆ ಶೇ 90ರಷ್ಟು ಬದಲಾವಣೆ ಹಿಡಿಯುತ್ತದೆ.

ಇದು ಸಣ್ಣ ಕುಣಿತಕ್ಕೆ ಮಾತ್ರ ಮದ್ದು. ಕೈಯಾರೆ ಒಂದೇ ಒಂದು 1023 ತೂರಿಸಿ ನೋಡಿದೆ, `y` 200ರಿಂದ 302ಕ್ಕೆ ನೆಗೆಯಿತು, ಅಂದರೆ 147 ಡಿಗ್ರಿ. ಗಾಣದ ಮೋಟರ್ ಆನ್ ಆಗುವಾಗ ಅಂಥದ್ದು ಬರಬಹುದು. ಆದ್ದರಿಂದ ಕೊನೆಯ ಮೂರು ರೀಡಿಂಗ್‌ಗಳಲ್ಲಿ ನಡುವಿನದನ್ನು ಆರಿಸಿ ಅದನ್ನೇ `x` ಮಾಡುವ ಸಾಲುಗಳನ್ನು ಸೇರಿಸಿದ್ದೇನೆ. ಮುಂದಿನ ಭಾನುವಾರ ಕೊಪ್ಪರಿಗೆಯ ಪಕ್ಕದಲ್ಲೇ ಪರೀಕ್ಷೆ.