ಎರಡು ಚುಕ್ಕಿ ಎಳೆದ ಗೆರೆ: ಜಾಹೀರಾತು ಖರ್ಚು, ಮಾರಾಟ ಮತ್ತು 0.96ರ ಕೋರಿಲೇಷನ್

ಜಾಹೀರಾತಿನ ಬಜೆಟ್ ಹೆಚ್ಚಿಸಬೇಕೇ ಎಂಬ ಪ್ರಶ್ನೆ ಬಂದಾಗಲೆಲ್ಲ ರಿಪೋರ್ಟಿನಲ್ಲಿ ಒಂದು ಸ್ಕ್ಯಾಟರ್ ಚಾರ್ಟ್, ಅದರ ಮೇಲೊಂದು ಟ್ರೆಂಡ್‌ಲೈನ್, ಪಕ್ಕದಲ್ಲಿ R² ಇರುತ್ತದೆ. R² 0.9 ದಾಟಿದ್ದರೆ ಮೀಟಿಂಗ್ ಅಲ್ಲಿಗೇ ಮುಗಿದಂತೆ. ನಮ್ಮ ಕಡೆಯ ಅಂಗಡಿ ವ್ಯಾಪಾರದ ಲೆಕ್ಕಗಳಲ್ಲಿ ಈ 0.9 ಬಹಳ ಸಲ ಬರುವುದು ದಸರಾ–ದೀಪಾವಳಿಯಿಂದ, ಜಾಹೀರಾತಿನಿಂದಲ್ಲ. ಅದನ್ನು ಪತ್ತೆ ಹಚ್ಚುವ ಬಗೆಯನ್ನು ಒಂದು ಬಟ್ಟೆ ಅಂಗಡಿಯ ಹನ್ನೆರಡು ತಿಂಗಳ ಲೆಕ್ಕದ ಮೇಲೆ ನೋಡೋಣ. ಅಂಕಿಗಳು ಉದಾಹರಣೆಗಾಗಿ ಮಾಡಿಕೊಂಡವು. ಜಾಹೀರಾತು ಸಾವಿರ ರೂಪಾಯಿಗಳಲ್ಲಿದೆ, ಮಾರಾಟ ಲಕ್ಷ ರೂಪಾಯಿಗಳಲ್ಲಿದೆ.

| ತಿಂಗಳು | ಹಬ್ಬ | ಜಾಹೀರಾತು | ಮಾರಾಟ |
|---|---|---|---|
| ಏಪ್ರಿಲ್ | 0 | 26 | 12.6 |
| ಮೇ | 0 | 34 | 13.0 |
| ಜೂನ್ | 0 | 24 | 11.0 |
| ಜುಲೈ | 0 | 20 | 11.5 |
| ಆಗಸ್ಟ್ | 0 | 36 | 12.0 |
| ಸೆಪ್ಟೆಂಬರ್ | 0 | 38 | 12.1 |
| ಅಕ್ಟೋಬರ್ | 1 | 80 | 24.0 |
| ನವೆಂಬರ್ | 1 | 65 | 20.0 |
| ಡಿಸೆಂಬರ್ | 0 | 32 | 11.4 |
| ಜನವರಿ | 0 | 28 | 11.8 |
| ಫೆಬ್ರವರಿ | 0 | 22 | 12.4 |
| ಮಾರ್ಚ್ | 0 | 30 | 12.2 |

ಎಕ್ಸೆಲ್‌ನಲ್ಲಿ ಇದೇ ಕ್ರಮದಲ್ಲಿ A, B, C, D ಕಾಲಮ್‌ಗಳಿಗೆ ತುಂಬಿ. C ಮತ್ತು D ಆಯ್ಕೆ ಮಾಡಿ Insert ಮೆನುವಿನಲ್ಲಿ Scatter ಒತ್ತಿ. ಎಡಗಡೆಯ ಕಾಲಮ್ ಅಡ್ಡ ಅಕ್ಷಕ್ಕೆ ಹೋಗುತ್ತದೆ, ಹಾಗಾಗಿ ಖರ್ಚು ಎಡಕ್ಕೆ, ಮಾರಾಟ ಬಲಕ್ಕೆ ಇರಬೇಕು. Line ಚಾರ್ಟ್ ಒತ್ತಿದರೆ ಕೆಲಸ ಕೆಟ್ಟಿತು: ಅದಕ್ಕೆ ಹಾಕಿದ ಟ್ರೆಂಡ್‌ಲೈನ್ ನಿಮ್ಮ ಖರ್ಚಿನ ಅಂಕಿಯನ್ನು ನೋಡುವುದೇ ಇಲ್ಲ, 1, 2, 3 ಎಂದು ಸಾಲು ಎಣಿಸಿ ಸಮೀಕರಣ ಕೊಡುತ್ತದೆ. ಸಮೀಕರಣವೇನೋ ಬರುತ್ತದೆ, ಅದಕ್ಕೇ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಅಂಕಿಗಳಿಗೆ ಈ ಮೂರು ಫಾರ್ಮುಲಾ ಸಾಕು:

```
=CORREL(C2:C13,D2:D13)
=SLOPE(D2:D13,C2:C13)
=INTERCEPT(D2:D13,C2:C13)
```

SLOPE ಒಳಗೆ ಮಾರಾಟ ಮೊದಲು, ಖರ್ಚು ಆಮೇಲೆ. ಅದಲುಬದಲಾದರೆ 0.2126 ಬರಬೇಕಾದ ಕಡೆ 4.297 ಬರುತ್ತದೆ. CORREL ಮಾತ್ರ ಹೇಗೆ ಹಾಕಿದರೂ ಅದೇ ಉತ್ತರ ಕೊಡುವುದರಿಂದ, ಅದು ಸರಿ ಬಂತೆಂದು ಉಳಿದದ್ದನ್ನು ನಂಬಬಾರದು.

ನಮ್ಮ ಲೆಕ್ಕದಲ್ಲಿ CORREL ಕೊಡುವ r 0.956, ಅದರ ವರ್ಗವಾದ R² 0.913. ಗೆರೆ y = 0.2126x + 5.96. ಅಂದರೆ ಜಾಹೀರಾತಿಗೆ ಇನ್ನೊಂದು ಸಾವಿರ ಹಾಕಿದರೆ ಮಾರಾಟ ಸುಮಾರು 21,255 ರೂಪಾಯಿ ಏರಬೇಕು. ಮಾರಾಟದ ಮೇಲೆ ಶೇ 20 ಮಾರ್ಜಿನ್ ಇದ್ದರೆ ಸಾವಿರಕ್ಕೆ 4,251 ರೂಪಾಯಿ ಕೈಗೆ ಬಂತು. ಯಾವ ಮಾಲೀಕರು ಬೇಡ ಅಂದಾರು?

ಈಗ ಅಂಕಿ ಬಿಟ್ಟು ಚಾರ್ಟ್ ನೋಡಿ. ಹತ್ತು ಚುಕ್ಕಿಗಳು ಎಡಕ್ಕೆ ಕೆಳಗೆ, 20ರಿಂದ 38 ಸಾವಿರದೊಳಗೆ ಗುಂಪುಗೂಡಿವೆ. ಎರಡು ಚುಕ್ಕಿ ಬಲಕ್ಕೆ ಮೇಲೆ ಕೂತಿವೆ. 38ರಿಂದ 65ರವರೆಗೆ ಬಯಲು, ಒಂದು ಚುಕ್ಕಿಯೂ ಇಲ್ಲ. ಗೆರೆ ಆ ಗುಂಪಿನ ನಡುವಿನಿಂದ ಹೊರಟು ಈ ಎರಡು ಚುಕ್ಕಿಗಳ ಹತ್ತಿರ ಹೋಗಿ ಸೇರಿದೆ, ಅಷ್ಟೇ. ಗುಂಪಿನ ಮೇಲೆ ಅಂಗೈ ಅಡ್ಡ ಹಿಡಿದು ನೋಡಿದರೂ ಗೆರೆಯ ಓರೆ ಹೆಚ್ಚು ಕಡಿಮೆ ಅದೇ ಇರುತ್ತದೆ. ಆ ಎರಡನ್ನು ಮುಚ್ಚಿ ನೋಡಿದರೆ ಗೆರೆಗೆ ಆಧಾರವೇ ಇಲ್ಲ.

ಮುಚ್ಚಿ ನೋಡುವುದನ್ನೇ ಲೆಕ್ಕದಲ್ಲೂ ಮಾಡಬೇಕು. ಶೀಟ್ ನಕಲು ಮಾಡಿ ಅಕ್ಟೋಬರ್, ನವೆಂಬರ್ ಸಾಲುಗಳನ್ನು ಅಳಿಸಿ. ಉಳಿದ ಹತ್ತು ತಿಂಗಳಿಗೆ r 0.288ಕ್ಕೆ ಇಳಿಯುತ್ತದೆ, R² 0.083. ಸ್ಲೋಪ್ 0.0285, ಅಂದರೆ ಸಾವಿರ ಜಾಹೀರಾತಿಗೆ 2,848 ರೂಪಾಯಿ ಮಾರಾಟ. ಮಾರ್ಜಿನ್ ಲೆಕ್ಕದಲ್ಲಿ 570 ರೂಪಾಯಿ. ಹಾಕಿದ ಸಾವಿರವೂ ಹುಟ್ಟಲಿಲ್ಲ.

ಹಾಗಂತ ಜಾಹೀರಾತು ದಂಡ ಎಂದು ಬರೆದುಬಿಟ್ಟರೆ ಅದೂ ಅಷ್ಟೇ ದೊಡ್ಡ ತಪ್ಪು. ಹತ್ತು ಚುಕ್ಕಿಗಳ ಸ್ಲೋಪ್ ಎಷ್ಟು ಅಲುಗಾಡುತ್ತದೆ ಎಂದು ಆ ನಕಲು ಶೀಟಿನಲ್ಲೇ ನೋಡಿ:

```
=LINEST(D2:D11,C2:C11,TRUE,TRUE)
=T.INV.2T(0.05,8)
```

LINEST ಕೊಡುವ ಕೋಷ್ಟಕದಲ್ಲಿ ಸ್ಲೋಪಿನ ಕೆಳಗಿನ ಸೆಲ್ ಅದರ ಸ್ಟ್ಯಾಂಡರ್ಡ್ ಎರರ್, ಇಲ್ಲಿ 0.0334. ಎರಡನೇ ಫಾರ್ಮುಲಾ 2.306 ಕೊಡುತ್ತದೆ. ಅವನ್ನು ಗುಣಿಸಿದರೆ 0.077. ಹಾಗಾಗಿ ಸ್ಲೋಪಿನ ಶೇ 95ರ ವ್ಯಾಪ್ತಿ ಸುಮಾರು −0.049ರಿಂದ 0.106. ಶೇ 20 ಮಾರ್ಜಿನ್‌ನಲ್ಲಿ ಅಸಲು ಹುಟ್ಟಲು ಸಾವಿರಕ್ಕೆ 5,000 ರೂಪಾಯಿ ಮಾರಾಟ ಬೇಕು, ಅಂದರೆ ಸ್ಲೋಪ್ 0.05. ಅದು ಈ ವ್ಯಾಪ್ತಿಯ ಒಳಗೇ ಇದೆ. ಲಾಭವೂ ಇರಬಹುದು, ನಷ್ಟವೂ ಇರಬಹುದು. ಈ ಹತ್ತು ತಿಂಗಳು ಅದನ್ನು ಹೇಳಲಾರವು.

ಸಾಲು ಅಳಿಸುವುದಕ್ಕಿಂತ ಹಬ್ಬವನ್ನೇ ಒಂದು ಕಾಲಮ್ ಮಾಡಿ ಸೇರಿಸುವುದು ಒಳ್ಳೆಯ ಪದ್ಧತಿ. B ಕಾಲಮ್ ಇಟ್ಟಿದ್ದು ಅದಕ್ಕೇ. LINEST ಒಳಗೆ ಕಾರಣದ ಕಾಲಮ್‌ಗಳು ಅಕ್ಕಪಕ್ಕ ಇರಬೇಕು. ಹನ್ನೆರಡು ಸಾಲೂ ಇರುವ ಮೂಲ ಶೀಟಿಗೆ ಮರಳಿ ಹೀಗೆ ಬರೆಯಿರಿ:

```
=LINEST(D2:D13,B2:C13,TRUE,TRUE)
```

ಉತ್ತರ ಹಿಂದುಮುಂದಾಗಿ ಬರುತ್ತದೆ: ಮೊದಲ ಸೆಲ್ C ಕಾಲಮಿನದು (ಜಾಹೀರಾತು, 0.089), ಎರಡನೆಯದು B ಕಾಲಮಿನದು (ಹಬ್ಬ, 6.13), ಕೊನೆಗೆ ಇಂಟರ್‌ಸೆಪ್ಟ್ 9.42. ಇದನ್ನು ಅದಲುಬದಲು ಓದಿದವರು ಕಮ್ಮಿ ಇಲ್ಲ. ಅರ್ಥ ಇಷ್ಟು: ಜಾಹೀರಾತು ಒಂದೇ ಮಟ್ಟದಲ್ಲಿದ್ದರೂ ಹಬ್ಬದ ತಿಂಗಳಲ್ಲಿ ಮಾರಾಟ 6.13 ಲಕ್ಷ ಹೆಚ್ಚು. ಜಾಹೀರಾತಿನ ಪಾಲು ಸಾವಿರಕ್ಕೆ 8,900ರ ಹತ್ತಿರ. ಮೊದಲ ಗೆರೆ ಹೇಳಿದ 21,255ರ ಅರ್ಧಕ್ಕಿಂತ ಕಡಿಮೆ. ಇದರಲ್ಲೂ ಹಬ್ಬದ ತಿಂಗಳು ಎರಡೇ ಇರುವುದರಿಂದ ವ್ಯಾಪ್ತಿ −0.01ರಿಂದ 0.19ರವರೆಗೆ ಹರಡಿಕೊಂಡಿದೆ.

ಫಾರ್ಮುಲಾ ಹಿಡಿಯಲಾರದ ಒಂದು ಸಂಗತಿಯನ್ನು ಬಜೆಟ್ ಮಾಡಿದವರನ್ನೇ ಕೇಳಬೇಕು: ಅಕ್ಟೋಬರಿಗೆ 80 ಸಾವಿರ ಯಾಕೆ ಇಟ್ಟಿರಿ? ಹಬ್ಬಕ್ಕೆ ಗಿರಾಕಿ ಬರುತ್ತಾರೆ ಎಂದೇ ಇಟ್ಟಿದ್ದರೆ, ನಿರೀಕ್ಷಿತ ಮಾರಾಟ ಖರ್ಚನ್ನು ಏರಿಸಿದೆ, ಖರ್ಚು ಮಾರಾಟವನ್ನಲ್ಲ. ಮಾರಾಟದ ಇಂತಿಷ್ಟು ಶೇಕಡಾ ಎಂದು ಬಜೆಟ್ ಕಟ್ಟುವ ಕಡೆ ಕೋರಿಲೇಷನ್ ಯಾವಾಗಲೂ ಚೆನ್ನಾಗಿಯೇ ಬರುತ್ತದೆ, ಜಾಹೀರಾತನ್ನು ಯಾರೂ ನೋಡದಿದ್ದರೂ. ಇದಕ್ಕೆ ಮದ್ದು ಲೆಕ್ಕದಲ್ಲಿಲ್ಲ, ಅಂಗಡಿಯಲ್ಲಿದೆ: ಹಬ್ಬವಿಲ್ಲದ ತಿಂಗಳುಗಳಲ್ಲಿ ಚೀಟಿ ಎತ್ತಿ ಕೆಲವಕ್ಕೆ 20 ಸಾವಿರ, ಕೆಲವಕ್ಕೆ 60 ಸಾವಿರ ಖರ್ಚು ಮಾಡುವುದು. ಆ ಬಯಲಿನಲ್ಲಿ ಚುಕ್ಕಿಗಳು ಬಿದ್ದರೆ ಮಾತ್ರ ಗೆರೆಗೆ ಕಾಲು ಬರುತ್ತದೆ. ಜಾಹೀರಾತು ಕೊಟ್ಟ ತಿಂಗಳೇ ಖರೀದಿ ಆಗದ ವ್ಯಾಪಾರವಾದರೆ ಖರ್ಚಿನ ಕಾಲಮನ್ನು ಒಂದು ಸಾಲು ಕೆಳಗೆ ಸರಿಸಿಯೂ ಒಮ್ಮೆ ನೋಡಿ.

ಇನ್ನು 5.96ರ ವಿಷಯ. ಜಾಹೀರಾತೇ ಇಲ್ಲದಿದ್ದರೆ 5.96 ಲಕ್ಷ ಮಾರಾಟ ಎಂದು ಇದನ್ನು ಓದುವುದು ರೂಢಿ. 20 ಸಾವಿರಕ್ಕಿಂತ ಕಡಿಮೆ ಖರ್ಚಿನ ತಿಂಗಳು ಪಟ್ಟಿಯಲ್ಲೇ ಇಲ್ಲ, ಹಬ್ಬದ ಎರಡು ತಿಂಗಳು ತೆಗೆದರೆ ಅದೇ ಅಂಕಿ 11.17 ಆಗುತ್ತದೆ. ರಿಪೋರ್ಟಿನಲ್ಲಿ ಇದಕ್ಕೆ ಜಾಗ ಕೊಡದಿರುವುದೇ ಸರಿ.

ಚಾರ್ಟಿನ ಕೆಳಗೆ R² ಒಂದನ್ನೇ ಬರೆಯುವ ಬದಲು ಟಿಪ್ಪಣಿ ಹೀಗಿರಲಿ: “12 ತಿಂಗಳು, r = 0.956. ಅಕ್ಟೋಬರ್, ನವೆಂಬರ್ ಬಿಟ್ಟರೆ r = 0.288. ಹಬ್ಬದ ಪ್ರಭಾವ ಬೇರ್ಪಡಿಸಿದಾಗ ಸಾವಿರ ರೂಪಾಯಿಗೆ ಅಂದಾಜು 8,900 ರೂಪಾಯಿ ಮಾರಾಟ, ಆದರೆ ವ್ಯಾಪ್ತಿಯಲ್ಲಿ ಸೊನ್ನೆಯೂ ಸೇರಿದೆ. ಅಸಲಿಗೆ ಬೇಕಾದ್ದು 5,000. 38ರಿಂದ 65 ಸಾವಿರದ ನಡುವೆ ಮಾಹಿತಿ ಇಲ್ಲ. ಸಾಮಾನ್ಯ ತಿಂಗಳಿಗೆ 60 ಸಾವಿರದ ಬಜೆಟ್‌ಗೆ ಈ ಗೆರೆಯನ್ನು ಬಳಸಬಾರದು.”