ಒಬ್ಬಳೇ ತೀರ್ಮಾನಿಸಿದ್ದು, ಕೇಳಿ ತೀರ್ಮಾನಿಸಿದ್ದು, ಕೂತು ಒಪ್ಪಿದ್ದು

"ಅಕ್ಕಾ, ಯಾವುದನ್ನ ನಾವೇ ತೀರ್ಮಾನ ಮಾಡ್ಬೇಕು, ಯಾವುದಕ್ಕೆ ನಾಲ್ಕು ಜನಾನ ಕೇಳ್ಬೇಕು, ಯಾವುದಕ್ಕೆ ಎಲ್ಲರೂ ಒಪ್ಪೋವರೆಗೂ ಕಾಯ್ಬೇಕು?"

ಹಾಲಿನ ಸಂಘಕ್ಕೆ ಹೊಸದಾಗಿ ಅಧ್ಯಕ್ಷೆಯಾದವರು ನನ್ನನ್ನು ಹೀಗೆ ಕೇಳುತ್ತಾರೆ. ನಾನು ಮೊದಲು ಎರಡು ವಿಷಯ ನೋಡಿಕೊಳ್ಳುತ್ತೇನೆ. ಈ ತೀರ್ಮಾನ ಸರಿಯಾಗಿ ಬರಲು ಬೇಕಾದದ್ದೆಲ್ಲ ನನಗೆ ಗೊತ್ತಿದೆಯೇ? ನಾಳೆ ಬೆಳಿಗ್ಗೆ ಇದನ್ನು ನಡೆಸುವ ಕೈಗಳು ಯಾರವು? ಗೊತ್ತಿದ್ದು, ನಡೆಸುವವಳೂ ನಾನೇ ಆದರೆ ಯಾರನ್ನೂ ಕಾಯಿಸುವುದಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿರುವವರ ಹತ್ತಿರ ಹೋಗಿ ಕೇಳುತ್ತೇನೆ. ನಡೆಸುವವರು ಬೇರೆಯವರಾಗಿ, ಅವರು ಮನಸ್ಸಿಟ್ಟು ನಡೆಸದಿದ್ದರೆ ಕೆಲಸವೇ ಕೆಡುತ್ತದೆ ಎಂದಾದರೆ ಅವರನ್ನು ಕೂರಿಸಿ ಒಪ್ಪಿಗೆ ಪಡೆಯುತ್ತೇನೆ. ವಿಕ್ಟರ್ ವ್ರೂಮ್ ಮತ್ತು ಫಿಲಿಪ್ ಯೆಟನ್ ಎಂಬ ಇಬ್ಬರು ನಿರ್ವಹಣಾಶಾಸ್ತ್ರದ ವಿದ್ವಾಂಸರು 1973ರಲ್ಲಿ ಇದನ್ನೇ ಒಂದು ಕ್ರಮವಾಗಿ ಕಟ್ಟಿಕೊಟ್ಟರು. ಒಬ್ಬರೇ ತೀರ್ಮಾನಿಸುವುದರಲ್ಲಿ ಎರಡು ಬಗೆ, ಕೇಳಿ ತೀರ್ಮಾನಿಸುವುದರಲ್ಲಿ ಎರಡು ಬಗೆ, ಎಲ್ಲರೂ ಸೇರಿ ಒಪ್ಪುವುದು ಒಂದು, ಹೀಗೆ ಐದು ದಾರಿ. ಯಾವಾಗ ಯಾವ ದಾರಿ ಎಂದು ತಿಳಿಯಲು ಕೆಲವು ಪ್ರಶ್ನೆಗಳನ್ನೂ ಜೋಡಿಸಿದರು. ನನಗೆ ಇದೆಲ್ಲ ತಲೆಗೆ ಹತ್ತಿದ್ದು ಒಂದು ತಪ್ಪು ಮಾಡಿದ ಮೇಲೆ.

ಚಿಂತಾಮಣಿ ತಾಲ್ಲೂಕಿನ ಒಂದು ಮಹಿಳಾ ಹಾಲು ಉತ್ಪಾದಕರ ಸಂಘಕ್ಕೆ ನಾನು ಎರಡು ಅವಧಿ ಅಧ್ಯಕ್ಷೆಯಾಗಿದ್ದೆ. ಬೆಳಿಗ್ಗೆ ಸುಮಾರು 140 ಜನ ಹಾಲು ಹಾಕುತ್ತಿದ್ದರು. ಕ್ಯಾನಿನ ಕಾಲದಲ್ಲಿ 6 ಗಂಟೆಗೆ ಬಾಗಿಲು ತೆಗೆದರೆ ಎಂಟೂವರೆವರೆಗೂ ನಡೆಯುತ್ತಿತ್ತು. ಆಮೇಲೆ ನಮಗೆ ಬಿಎಂಸಿ ಬಂತು, ಅಂದರೆ ಹಾಲನ್ನು ಅಲ್ಲೇ ತಣ್ಣಗೆ ಮಾಡಿಡುವ ದೊಡ್ಡ ಸ್ಟೀಲ್ ತೊಟ್ಟಿ. ಕರೆದ ಹಾಲು ಮೈಬಿಸಿಯಲ್ಲಿರುತ್ತದೆ, ಅದನ್ನು 4 ಡಿಗ್ರಿಗೆ ಇಳಿಸಬೇಕು. ನಮ್ಮ ತೊಟ್ಟಿಗೆ ಅದಕ್ಕೆ ಮೂರು ಗಂಟೆ ಹಿಡಿಯುತ್ತಿತ್ತು. ಟ್ಯಾಂಕರ್ ಬರುವುದು 10 ಗಂಟೆಗೆ. ಲೆಕ್ಕ ನೇರವಾಗಿತ್ತು: 7 ಗಂಟೆಗೆ ಕೊನೆಯ ಹಾಲು ತೊಟ್ಟಿಗೆ ಬಿದ್ದಿರಬೇಕು.

ಇಷ್ಟು ನೇರವಾದ ಲೆಕ್ಕಕ್ಕೆ ಯಾರನ್ನು ಕೇಳುವುದು ಎಂದುಕೊಂಡೆ. "ಒಂದನೇ ತಾರೀಕಿನಿಂದ ಹಾಲು ಹಾಕುವ ಸಮಯ 5:45ರಿಂದ 7:00" ಎಂದು ಬರೆಸಿ ಬೋರ್ಡಿಗೆ ಅಂಟಿಸಿದೆ.

ಮೊದಲ ದಿನ 7 ಗಂಟೆಗೆ ಬಾಗಿಲ ಹೊರಗೆ ಇನ್ನೂ ಅರವತ್ತು ಜನ ನಿಂತಿದ್ದರು. ಕೈಯಲ್ಲಿ ಬಿಂದಿಗೆ, ಕ್ಯಾನು, ಕಂಕುಳಲ್ಲಿ ಮಗು. ಬಾಗಿಲು ಹಾಕಿ ಎಂದೆ. ನಾಲ್ಕನೇ ದಿನದ ಹೊತ್ತಿಗೆ ಇಪ್ಪತ್ತು ಮನೆ ಹಾಲು ಖಾಸಗಿ ವ್ಯಾನಿಗೆ ಹೋಗತೊಡಗಿತು. ನಮ್ಮ ಹಾಲು ಪರೀಕ್ಷಕಿ, ಒಳ್ಳೆಯ ಹುಡುಗಿ, ನಾನಿಲ್ಲದ ದಿನ ಏಳೂವರೆಗೂ ಕಿಟಕಿ ತೆಗೆದು ಹಾಲು ತೆಗೆದುಕೊಳ್ಳುತ್ತಿದ್ದಳು. ಬಿಸಿ ಹಾಲು ತಡವಾಗಿ ಬಿದ್ದು, ಟ್ಯಾಂಕರ್ ಬಂದಾಗ ತೊಟ್ಟಿಯ ತಾಪಮಾನದ ಮುಳ್ಳು 8 ಡಿಗ್ರಿಯಲ್ಲೇ ನಿಂತಿರುತ್ತಿತ್ತು. ಡ್ರೈವರ್ ಚೀಟಿಯಲ್ಲಿ ಬರೆದುಕೊಂಡು ಹೋದ.

ನನಗೆ ಸಿಟ್ಟು ಬಂದಿದ್ದು ತಡವಾಗಿ ಏಳುವವರ ಮೇಲೆ. ಆ ಸಿಟ್ಟು ತಪ್ಪು ಎಂದು ತಿಳಿದದ್ದು ಪರೀಕ್ಷಕಿಯ ಪಕ್ಕ ಒಂದು ಬೆಳಿಗ್ಗೆ ಪೂರ್ತಿ ಕೂತಾಗ. ಸ್ಯಾಂಪಲ್ ತೆಗೆಯುವುದು, ಮಿಷನ್ನಿಗಿಟ್ಟು ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ ಎಷ್ಟು ಎಂದು ಬರುವವರೆಗೆ ಕಾಯುವುದು, ತೂಕ, ಸುರಿಯುವುದು, ಚೀಟಿ ಹರಿದು ಕೊಡುವುದು, ಎಲ್ಲ ಸೇರಿ ಒಬ್ಬರಿಗೆ ಒಂದು ನಿಮಿಷ. 140 ಜನಕ್ಕೆ 140 ನಿಮಿಷ. ನಾನು ಕೊಟ್ಟಿದ್ದು 75 ನಿಮಿಷ. ಎಲ್ಲರೂ ಕೋಳಿ ಕೂಗುವ ಹೊತ್ತಿಗೇ ಬಂದು ನಿಂತಿದ್ದರೂ ಅರ್ಧ ಜನ ಹೊರಗೇ ಉಳಿಯುತ್ತಿದ್ದರು.

"ಇದು ನಿಂಗೆ ಮೊದಲೇ ಗೊತ್ತಿತ್ತಾ?" ಅಂದೆ.

"ಗೊತ್ತಿತ್ತಕ್ಕಾ. ನೀವು ಕೇಳ್ಲಿಲ್ಲ."

ಗೊತ್ತಿದೆಯೇ ಎಂಬ ಮೊದಲ ಪ್ರಶ್ನೆಗೆ ನಾನು ಕೊಟ್ಟುಕೊಂಡ ಉತ್ತರವೇ ಸುಳ್ಳಾಗಿತ್ತು. ತೊಟ್ಟಿಯ ಲೆಕ್ಕ ನನಗೆ ಗೊತ್ತಿತ್ತು, ಕಿಟಕಿಯ ಲೆಕ್ಕ ಗೊತ್ತಿರಲಿಲ್ಲ. ಅಧ್ಯಕ್ಷರಾದವರಿಗೆ ಮೇಲಿನಿಂದ ಬರುವ ಮಾಹಿತಿ ಚೆನ್ನಾಗಿ ತಿಳಿದಿರುತ್ತದೆ, ಅದರಿಂದಲೇ ಪೂರ್ತಿ ತಿಳಿದಿದೆ ಅನ್ನಿಸಿಬಿಡುತ್ತದೆ. ಅದಕ್ಕೇ ಈಗ ಹೊಸ ಅಧ್ಯಕ್ಷೆಯರಿಗೆ ಹೇಳುತ್ತೇನೆ: ನೋಟೀಸು ಅಂಟಿಸುವ ಮುಂಚೆ ಅದನ್ನು ಕೈಯಾರೆ ಮಾಡುವ ಒಬ್ಬರಿಗೆ ಓದಿ ತೋರಿಸಿ, "ಇದು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ?" ಎಂದು ಕೇಳಿ. "ಸರಿಯಾಗಿದೆಯಾ?" ಎಂದು ಕೇಳಬೇಡಿ, ಅದಕ್ಕೆ ಯಾರೂ ಇಲ್ಲ ಎನ್ನುವುದಿಲ್ಲ.

ಆದರೆ ಇದು ಗೊತ್ತಾದ ಕೂಡಲೇ ನಾನು ಇನ್ನೊಂದು ತಪ್ಪಿಗೆ ಹಾರಿದೆ. ಒಬ್ಬಳೇ ಮಾಡಿ ಕೆಟ್ಟೆ, ಹಾಗಾದರೆ ಎಲ್ಲರೂ ಸೇರಿ ಮಾಡಲಿ ಎಂದು ದೇವಸ್ಥಾನದ ಮುಂದೆ ಸಭೆ ಕರೆದು, "ನೀವೇ ಹೇಳಿ, ಎಷ್ಟು ಹೊತ್ತಿಗೆ ಇಡೋಣ?" ಅಂದೆ. ರಾತ್ರಿ 9ರವರೆಗೂ ಮಾತು. ಕೆಲವರಿಗೆ ಐದೂವರೆ ಬೇಕು, ನರಸಾಪುರದ ಕಾರ್ಖಾನೆ ಬಸ್ಸು ಹಿಡಿಯುವ ಹೆಣ್ಣುಮಕ್ಕಳು ಮನೆಯಲ್ಲಿದ್ದಾರೆ. ಕೆಲವರಿಗೆ ಏಳೂವರೆಯೇ ಬೇಕು, ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ರೇಷ್ಮೆ ಹುಳುವಿಗೆ ಬೆಳಿಗ್ಗೆ ಮೊದಲು ಸೊಪ್ಪು ಹಾಕಬೇಕು. ಕೊನೆಗೆ ಸಭೆ ಒಮ್ಮತದಿಂದ ತೀರ್ಮಾನಿಸಿದ್ದು, ಮೊದಲಿದ್ದ ಹಾಗೇ ಎಂಟೂವರೆವರೆಗೂ ಇರಲಿ ಎಂದು.

ಒಮ್ಮತವೇನೋ ನಿಜ. ಆದರೆ ತೊಟ್ಟಿಗೆ ಆ ಒಮ್ಮತ ಗೊತ್ತಾಗುವುದಿಲ್ಲ, ಅದಕ್ಕೆ ಮೂರು ಗಂಟೆ ಬೇಕೇ ಬೇಕು. ಸಭೆಯ ಮುಂದೆ ಇಡಬಾರದ್ದನ್ನು ನಾನು ಇಟ್ಟಿದ್ದೆ. 7 ಗಂಟೆ ಎನ್ನುವುದು ಯಾರೂ ಆಯ್ಕೆ ಮಾಡುವ ವಿಷಯವಾಗಿರಲಿಲ್ಲ. ಟ್ಯಾಂಕರ್ ದಾರಿ ಹತ್ತಾರು ಊರು ಸುತ್ತುತ್ತದೆ, ನಮಗೋಸ್ಕರ ಬದಲಾಗುವುದಿಲ್ಲ. ಹಾಲು ಹಾಕುವವರಿಗೆ ಅವರವರ ಬೆಳಗಿನ ಚಿಂತೆ, ಅದು ನ್ಯಾಯವೇ. ಗುಂಪಿಗೆ ಬೇಕಾದದ್ದು, ಸಂಘಕ್ಕೆ ಬೇಕಾದದ್ದು ಬೇರೆ ಬೇರೆಯಾಗಿದ್ದಾಗ ತೀರ್ಮಾನವನ್ನು ಪೂರ್ತಿ ಗುಂಪಿನ ಕೈಗೆ ಕೊಡಬಾರದು, ಎಲ್ಲರ ಮಾತು ಕೇಳಿ ಕಡೆಗೆ ಹೊಣೆ ಹೊತ್ತವರೇ ತೀರ್ಮಾನಿಸಬೇಕು ಎಂದು ವ್ರೂಮ್, ಯೆಟನ್ ಹೇಳುವುದು ಇದಕ್ಕೇ.

ಹಾಗಾಗಿ ಮೂರನೇ ಸಲ ವಿಷಯವನ್ನು ಬಿಡಿಸಿಕೊಂಡೆ. 7 ಗಂಟೆ ನನ್ನದು, ಅದರ ಮೇಲೆ ಮಾತಿಲ್ಲ, ಯಾಕೆ ಎಂದು ಮಾತ್ರ ವಿವರಿಸುತ್ತೇನೆ. ಮುಳ್ಳು ಎಲ್ಲಿದ್ದರೆ ಏನಾಗುತ್ತದೆ ಎಂದು ಹತ್ತತ್ತು ಜನರನ್ನು ಒಳಗೆ ಕರೆದು ತೊಟ್ಟಿಯ ಮುಂದೆಯೇ ತೋರಿಸಿದೆ. ಎರಡನೆಯದು, ಕಿಟಕಿ. ಅದಕ್ಕೆ ಪರೀಕ್ಷಕಿ, ಕಾರ್ಯದರ್ಶಿ, ಹೆಚ್ಚು ಹಸು ಕಟ್ಟಿದ ಇಬ್ಬರು, ಒಂದೇ ಹಸುವಿನ ಇಬ್ಬರು, ಇವರನ್ನು ಒಬ್ಬೊಬ್ಬರನ್ನಾಗಿ ಕೇಳಿದೆ. ಒಟ್ಟಿಗೆ ಕೂರಿಸಲಿಲ್ಲ, ಯಾಕೆಂದರೆ ದೊಡ್ಡ ಮನೆಯವರ ಮುಂದೆ ಒಂದೇ ಹಸುವಿನವಳು ಬಾಯಿ ಬಿಡುವುದಿಲ್ಲ. ಎರಡನೇ ಮಿಷನ್ ತರಬೇಕು ಎಂಬುದು ಅವರೆಲ್ಲರ ಮಾತಿನಿಂದ ಹೊರಟಿತು, ಆಡಳಿತ ಮಂಡಳಿ ಠರಾವು ಮಾಡಿತು. ಎರಡು ಸಾಲಾದರೆ 140 ಜನ 70 ನಿಮಿಷದಲ್ಲಿ ಮುಗಿಯುತ್ತಾರೆ. ಐದು ನಿಮಿಷ ಮಾತ್ರ ಕೈಯಲ್ಲಿ ಉಳಿಯುತ್ತದೆ, ಅಂದರೆ ಎಲ್ಲರೂ ಆರೂವರೆಗೆ ಒಟ್ಟಿಗೆ ಬಂದರೆ ಮತ್ತೆ ಕೆಟ್ಟಿತು.

ಅದರಿಂದ ಮೂರನೆಯದು, ಯಾರು ಮೊದಲು ಬರಬೇಕು, ಯಾರು ಆಮೇಲೆ. ಇದನ್ನು ನಾನು ಹೇಳಿ ನಡೆಸಲು ಸಾಧ್ಯವೇ ಇರಲಿಲ್ಲ. ಬೆಳಗಿನ ಜಾವ ಐದಕ್ಕೆ ಎದ್ದು ಹಸು ಕರೆಯುವವಳು ಹಾಲು ಹಾಕುವವಳು, ನಾನಲ್ಲ. ಇಲ್ಲಿ ಯಾವ ಸರದಿಯಾದರೂ ಸಂಘಕ್ಕೆ ಒಂದೇ, 7ಕ್ಕೆ ಮುಗಿದರೆ ಸಾಕು. ಹೀಗೆ ಯಾವುದನ್ನು ಆರಿಸಿದರೂ ಕೆಲಸ ಕೆಡದ, ಆದರೆ ಮನಸ್ಸಿಲ್ಲದೆ ನಡೆಯದ ವಿಷಯವೇ ಒಮ್ಮತಕ್ಕೆ ಸರಿಯಾದ ಜಾಗ. ಬೀದಿ ಬೀದಿಯವರನ್ನು ಕೂರಿಸಿದೆವು. ಮಾತು ಕೆಲವರದು ತೆಲುಗಿನಲ್ಲಿ, ಕೆಲವರದು ಕನ್ನಡದಲ್ಲಿ, ನಮ್ಮ ಕಡೆ ಅದು ಇದ್ದದ್ದೇ. ಹಿಂದೆ ಗೋಡೆಗೊರಗಿ ಕೂತಿದ್ದ ಸೊಸೆಯಂದಿರನ್ನು ಮೊದಲು ಮಾತಾಡಿಸಿದೆ, ಹಾಲು ಹೊತ್ತು ತರುವವರು ಅವರು. ಎರಡು ಸಂಜೆಯಲ್ಲಿ ಪಟ್ಟಿ ತಯಾರಾಯಿತು: ಕೆಲಸದ ಬಸ್ಸಿನ ಮನೆಗಳು ಮೊದಲ ಸರದಿ, ರೇಷ್ಮೆ ಮನೆಗಳು ಕೊನೆಯ ಸರದಿ, ಉಳಿದವರು ಬೀದಿ ಪ್ರಕಾರ.

ಎಲ್ಲರೂ ತಲೆಯಾಡಿಸಿದರೆ ಒಪ್ಪಿಗೆ ಎಂದು ಮಾತ್ರ ತಿಳಿಯಬೇಡಿ. "ನೀವು ಹೇಳ್ದಂಗೇ ಆಗ್ಲಿ ಅಕ್ಕಾ" ಎಂಬ ಮಾತು ಕೇಳಿದರೆ ನನಗೆ ಈಗಲೂ ಹೆದರಿಕೆ. ನಿಜವಾಗಿ ಒಪ್ಪಿದವರು ಷರತ್ತು ಹಾಕುತ್ತಾರೆ, "ಹಬ್ಬದ ದಿನ ಏನು ಮಾಡೋದು, ಹಸು ಈದ ದಿನ ಏನು ಮಾಡೋದು" ಎಂದು ಕೇಳುತ್ತಾರೆ.

ಒಬ್ಬರೇ ತೀರ್ಮಾನಿಸಬೇಕಾದ ಜಾಗವನ್ನೂ ಹೇಳಬೇಕು, ಇಲ್ಲದಿದ್ದರೆ ಎಲ್ಲದಕ್ಕೂ ಸಭೆ ಕರೆಯಿರಿ ಎಂದಂತಾದೀತು. ಒಂದು ಬೇಸಿಗೆಯ ಬೆಳಿಗ್ಗೆ ನಮ್ಮ ನಿರ್ದೇಶಕಿಯೊಬ್ಬರ ಮನೆಯ ಹಾಲಿನ ಮೇಲೆ ಅನುಮಾನ ಬಂತು. ಪ್ರನಾಳದಲ್ಲಿ ಐದು ಎಂಎಲ್ ಹಾಕಿ ಕುದಿಯುವ ನೀರಿನಲ್ಲಿ ಐದು ನಿಮಿಷ ಇಟ್ಟಾಗ ಸಣ್ಣ ಸಣ್ಣ ಕಣವಾಗಿ ಒಡೆಯಿತು. ಪರೀಕ್ಷಕಿ ನನ್ನ ಮುಖ ನೋಡಿದಳು. ಅವಳ ಮನೆ, ಆ ನಿರ್ದೇಶಕಿಯ ಮನೆ ಅಕ್ಕಪಕ್ಕ. ಸಾಲಿನಲ್ಲಿದ್ದವರು "ಪಾಪ, ಇವತ್ತೊಂದಿನ ಹಾಕ್ಕೊಳ್ಳಿ" ಎಂದರು. ಹಾಲು ವಾಪಸ್ ಕಳಿಸಿದೆ, ಯಾರನ್ನೂ ಕೇಳಲಿಲ್ಲ. ಹುಳಿ ಹಾಲು ಬಿದ್ದರೆ ತೊಟ್ಟಿಯಲ್ಲಿರುವ ಎಲ್ಲರ ಹಾಲೂ ಅಪಾಯಕ್ಕೆ ಬೀಳುತ್ತದೆ. ತಿಳಿಯಬೇಕಾದದ್ದನ್ನು ಪ್ರನಾಳವೇ ತಿಳಿಸಿತ್ತು, ಕಾಯಲು ಹೊತ್ತಿರಲಿಲ್ಲ. ಆ ಹುಡುಗಿಯ ಮೇಲೆ ತೀರ್ಮಾನ ಹೊರಿಸಿದ್ದರೆ ಅವಳು ಆ ಬೀದಿಯಲ್ಲಿ ಓಡಾಡುವುದೇ ಕಷ್ಟವಾಗುತ್ತಿತ್ತು.

ಇದು ದರ್ಬಾರು ಆಗದಂತೆ ಕಾಪಾಡಿದ್ದು ಒಂದೇ ಸಂಗತಿ. ಒಡೆದ ಹಾಲು ಯಾರದ್ದಾದರೂ ವಾಪಸ್ ಎಂಬ ನಿಯಮವನ್ನು ಹಿಂದಿನ ಮಹಾಸಭೆಯಲ್ಲಿ ಎಲ್ಲರೂ ಸೇರಿ ಒಪ್ಪಿದ್ದೆವು, ಆ ನಿರ್ದೇಶಕಿಯೂ ಕೈ ಎತ್ತಿದ್ದರು. ಸಂಜೆ ಅವರ ಮನೆಗೆ ಹೋದೆ. ರಾತ್ರಿ ಮಿಕ್ಕಿದ ಹಾಲನ್ನು ಬೆಳಗಿನದಕ್ಕೆ ಬೆರೆಸಿದ್ದರು, ಅದರಿಂದ ಕೆಟ್ಟಿತ್ತು. ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ಬೇರೆ ಪಾತ್ರೆಯಲ್ಲಿ ತಂದರು.

ಬೋನಸ್ ಹಂಚಿಕೆ, ಉಪವಿಧಿ ತಿದ್ದುಪಡಿ ಇಂಥವು ಮಹಾಸಭೆಯ ಹಕ್ಕು, ಅಲ್ಲಿ ಅಧ್ಯಕ್ಷರಿಗೆ ಯಾವ ದಾರಿ ಎಂದು ಯೋಚಿಸುವ ಅವಕಾಶವೇ ಇಲ್ಲ.

ಸರದಿ ಪಟ್ಟಿ ಬೋರ್ಡಿಗೆ ಬಂದ ಎರಡು ವಾರಕ್ಕೆ ಮುಳ್ಳು 4ಕ್ಕೆ ಇಳಿಯಿತು. ವ್ಯಾನಿಗೆ ಹೋಗಿದ್ದ ಇಪ್ಪತ್ತು ಮನೆಗಳಲ್ಲಿ ಹದಿನಾಲ್ಕು ವಾಪಸ್ ಬಂದವು, ಆರು ಬರಲೇ ಇಲ್ಲ. ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ವಾರ ಬಂದಾಗ ಎರಡು ಬೀದಿಯವರು ತಮ್ಮ ತಮ್ಮಲ್ಲೇ ಸರದಿ ಬದಲಾಯಿಸಿಕೊಂಡಿದ್ದರು. ನನಗೆ ಗೊತ್ತಾಗಿದ್ದು ಪಟ್ಟಿಯ ಮೇಲೆ ಬಾಲ್ ಪೆನ್ನಿನಲ್ಲಿ ಗೀಚಿದ್ದು ನೋಡಿದಾಗ.